ಅರಮನೆ ಮೈದಾನದಲ್ಲಿ ಮೆಟಾಲಿಕಾ

ಅಕ್ಟೋಬರ್ 30, 2011. ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾ ನುಡಿಸಿತು, ನಾನು ಅಲ್ಲಿದ್ದೆ! ಇದನ್ನು ಬರೆಯುವಾಗಲೂ ಖುಷಿ ತಡೆಯೋಕೆ ಆಗ್ತಿಲ್ಲ.

ಅದು ನಾನು ನೋಡಿದ ಮೊದಲ ರಾಕ್ ಕಾನ್ಸರ್ಟ್. ಎರಡು ದಿನ ಮುಂಚೆ ಗುರುಗಾಂವ್‌ನಲ್ಲಿ ನಡೆಯಬೇಕಿದ್ದ ಅವರ ಕಾರ್ಯಕ್ರಮ ರದ್ದಾಗಿತ್ತು. ಆ ಸುದ್ದಿ ಕೇಳಿದಾಗಿನಿಂದ ನನಗೂ ನನ್ನ ರೂಮ್‌ಮೇಟ್‌ಗೂ ನಿದ್ದೆ ಇಲ್ಲ. ಮೈಸೂರಿನಿಂದ ಬೆಳಗಿನ ರೈಲು ಹತ್ತಿದೆವು. ಬೋಗಿಯಲ್ಲಿ ಎಲ್ಲಿ ನೋಡಿದರೂ ಕಪ್ಪು ಟೀ ಶರ್ಟ್. ಮಂಡ್ಯ ದಾಟುವಷ್ಟರಲ್ಲಿ ಎಲ್ಲರೂ ಪರಿಚಯ ಆಗಿಬಿಟ್ಟಿದ್ದರು.

ಮೊದಲು ನಮ್ಮ ದೇಶದ ಬ್ಯಾಂಡ್‌ಗಳಾದ ಗಿಲಟಿನ್ ಮತ್ತು ಇನ್ನರ್ ಸ್ಯಾಂಕ್ಟಮ್, ಜೊತೆಗೆ ಸ್ಕಾಟ್ಲೆಂಡಿನ ಬಿಫಿ ಕ್ಲೈರೊ ನುಡಿಸಿದವು. ನಾವು ನಿಂತಿದ್ದ ಕಡೆ ದನಿ ಅಷ್ಟು ಸ್ಪಷ್ಟವಾಗಿ ಕೇಳಲಿಲ್ಲ, ಅದೊಂದು ಬೇಜಾರು. ಆದರೂ ನಮ್ಮ ದೇಶದ ಹುಡುಗರು ಅಷ್ಟು ದೊಡ್ಡ ವೇದಿಕೆ ಮೇಲೆ ಒಂಚೂರೂ ಅಳುಕದೆ ನುಡಿಸಿದ್ದು ನೋಡಿ ಹೆಮ್ಮೆ ಆಯಿತು.

ಆಮೇಲೆ ದೀಪಗಳು ಆರಿದವು. ಪರದೆ ಮೇಲೆ ಹಳೆಯ ಕೌಬಾಯ್ ಸಿನಿಮಾದ ದೃಶ್ಯ, ಅದರ ಜೊತೆ ಎನ್ನಿಯೊ ಮೊರಿಕೋನೆ ಸಂಗೀತ. ಮೆಟಾಲಿಕಾ ಎಷ್ಟೋ ವರ್ಷಗಳಿಂದ ಹೀಗೇ ಶುರು ಮಾಡುತ್ತದೆ ಅಂತ ಓದಿದ್ದೆ. ಗೊತ್ತಿದ್ದೂ ಮೈ ಜುಮ್ ಅಂದಿತು. ಆ ರಾಗವನ್ನು ಜನ ಬಾಯಲ್ಲೇ ಗುನುಗುತ್ತಿದ್ದರು, ಒಬ್ಬಿಬ್ಬರಲ್ಲ, ಇಡೀ ಮೈದಾನ. ಅದು ಮುಗಿಯಿತೋ ಇಲ್ಲವೋ, 'ಕ್ರೀಪಿಂಗ್ ಡೆತ್' ಶುರು! ಲಾರ್ಸ್ ಉಲ್ರಿಚ್ ಅವರ ಬಾಸ್ ಡ್ರಮ್ಮಿನ ಪ್ರತಿ ಹೊಡೆತವೂ ನನ್ನ ಎದೆಗೂಡಿಗೆ ಬಂದು ತಾಗುತ್ತಿತ್ತು. ಇಯರ್‌ಫೋನಿನಲ್ಲಿ ಎಷ್ಟು ಜೋರು ಇಟ್ಟರೂ ಇದು ಸಿಗೋದಿಲ್ಲ.

ನಾನು ಕುಳ್ಳಿ. ಏನೂ ಕಾಣದೆ ತುದಿಗಾಲಲ್ಲಿ ನಿಂತಿದ್ದಾಗ ಮುಂದಿದ್ದ ಎತ್ತರದ ಅಣ್ಣ ಒಬ್ಬರು ತಿರುಗಿ, "ಬಾಮ್ಮ, ಇಲ್ಲಿ ನಿಂತ್ಕೊ, ಕಾಣ್ಸತ್ತೆ" ಅಂತ ಜಾಗ ಬಿಟ್ಟರು. ಅಲ್ಲಿಂದ, ಹಾಡುತ್ತಾ ಗಿಟಾರ್ ನುಡಿಸುವ ಜೇಮ್ಸ್ ಹೆಟ್‌ಫೀಲ್ಡ್ ಅವರ ಬಲಗೈ ನೇರವಾಗಿ ಕಾಣುತ್ತಿತ್ತು. 'ಮಾಸ್ಟರ್ ಆಫ್ ಪಪೆಟ್ಸ್' ನುಡಿಸುವಾಗ ನಾನು ಬೇರೆಲ್ಲೂ ನೋಡಲೇ ಇಲ್ಲ. ಸಾಮಾನ್ಯವಾಗಿ ವೇಗವಾಗಿ ನುಡಿಸುವವರು ತಂತಿ ಮೀಟುವ ಪಿಕ್ಕನ್ನು ಕೆಳಗೆ, ಮೇಲೆ, ಎರಡೂ ಕಡೆ ಆಡಿಸುತ್ತಾರೆ. ಅದು ಸುಲಭ. ಇವರು ಹಾಡಿನಲ್ಲಿ ಮತ್ತೆ ಮತ್ತೆ ಬರುವ ಅಷ್ಟು ವೇಗದ ರಿಫ್ಫನ್ನು ಬರೀ ಕೆಳಮುಖದ ಹೊಡೆತದಲ್ಲೇ ನುಡಿಸುತ್ತಾರೆ. ಆ ಹಾಡಿಗೆ ಅಂಥ ಒರಟು, ಗಟ್ಟಿ ದನಿ ಬರೋದು ಅದರಿಂದಲೇ. ಗಿಟಾರ್ ಕಲಿಯುತ್ತಿರುವ ಯಾರನ್ನಾದರೂ ಕೇಳಿ, ಎರಡು ನಿಮಿಷಕ್ಕೆ ಕೈ ಬಿದ್ದುಹೋಗುತ್ತದೆ. ಅವರ ಕೈ ಹೊಲಿಗೆ ಯಂತ್ರದ ಸೂಜಿಯಂತೆ ಓಡುತ್ತಲೇ ಇತ್ತು, ಮೇಲಿಂದ ಹಾಡು ಬೇರೆ!

ಪಕ್ಕದಲ್ಲಿ ರಾಬರ್ಟ್ ಟ್ರುಹಿಯೊ ಬಾಸ್ ಗಿಟಾರನ್ನು ಮೊಣಕಾಲಿನವರೆಗೆ ಇಳಿಬಿಟ್ಟು, ಪಿಕ್ ಇಲ್ಲದೆ ಬೆರಳಲ್ಲೇ ನುಡಿಸುತ್ತಿದ್ದರು. ಇನ್ನೊಬ್ಬ ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್ ಸೋಲೋಗೆ ಬಂದಾಗಲೆಲ್ಲ ಕಾಲು, ಗಿಟಾರ್ ದನಿಯನ್ನು 'ವಾ ವಾ' ಅನ್ನಿಸುವ ವಾ ಪೆಡಲ್ ಮೇಲೆ.

ನನಗೆ ಎಲ್ಲಕ್ಕಿಂತ ಜಾಸ್ತಿ ತಟ್ಟಿದ್ದು 'ಒನ್'. 1988ರ ಹಾಡು. ಯುದ್ಧದಲ್ಲಿ ಕೈಕಾಲು, ಕಣ್ಣು, ಮಾತು ಎಲ್ಲ ಕಳೆದುಕೊಂಡು, ಬುದ್ಧಿ ಮಾತ್ರ ಎಚ್ಚರವಿರುವ ಸೈನಿಕನ ಕಥೆ. ಮೊದಲು ಗುಂಡಿನ ಸದ್ದು, ನಂತರ ತೀರಾ ಮೆಲ್ಲಗೆ ಗಿಟಾರ್. ನಿಧಾನವಾಗಿ ಏರುತ್ತಾ ಏರುತ್ತಾ ಕೊನೆಗೆ ಡ್ರಮ್ಸೇ ಮಷಿನ್ ಗನ್ ಆಗುತ್ತದೆ. ಮೆಟಲ್ ಅಂದ್ರೆ ಸುಮ್ನೆ ಕಿರುಚಾಟ ಅನ್ನುವವರು ಈ ಒಂದು ಹಾಡನ್ನು ಸಾಹಿತ್ಯ ಎದುರಿಗಿಟ್ಟುಕೊಂಡು ಕೇಳಬೇಕು. ಪಕ್ಕದಲ್ಲಿದ್ದ ನನ್ನ ರೂಮ್‌ಮೇಟ್ ಅಳುತ್ತಿದ್ದಳು.

'ನಥಿಂಗ್ ಎಲ್ಸ್ ಮ್ಯಾಟರ್ಸ್' ಶುರುವಿನಲ್ಲಿ ಎಡಗೈಗೆ ಕೆಲಸವೇ ಇಲ್ಲ, ಬರೀ ತೆರೆದ ತಂತಿಗಳನ್ನು ಮೀಟಿದರೆ ಸಾಕು. ಅಷ್ಟು ಸರಳ. ಮೊದಲ ನಾಲ್ಕು ಸ್ವರ ಕೇಳಿದ್ದೇ ತಡ, ಜನ ಹಾಡೋಕೆ ಶುರು ಮಾಡಿದರು. ನಂತರ 'ಎಂಟರ್ ಸ್ಯಾಂಡ್‌ಮ್ಯಾನ್', ಕೊನೆಗೆ 'ಸೀಕ್ ಆ್ಯಂಡ್ ಡೆಸ್ಟ್ರಾಯ್'. ಅದು 1983ರ ಅವರ ಮೊದಲ ಆಲ್ಬಮ್ಮಿನ ಹಾಡು, ನಾನು ಹುಟ್ಟುವುದಕ್ಕೂ ಮೊದಲಿನದು. ಬ್ಯಾಂಡ್ ಕಟ್ಟಿ 30 ವರ್ಷ ಆದಮೇಲೂ ಅವರು ಅದನ್ನು ನಿನ್ನೆ ತಾನೇ ಬರೆದಂತೆ ನುಡಿಸಿದರು.

ಈಗ ನಮ್ಮ ಕಾಲೇಜಿನ ವಿಷಯಕ್ಕೆ ಬರುತ್ತೇನೆ. ಫೆಸ್ಟ್‌ನಲ್ಲಿ ಪ್ರತಿ ವರ್ಷ ಕರೋಕೆ ಟ್ರ್ಯಾಕ್ ಹಾಕಿ ಹಾಡುತ್ತೇವೆ. ಈ ಸಲ ಬೇಡ. ಡ್ರಮ್ಸ್ ಬಾಡಿಗೆಗೆ ತರಿಸೋಣ, ತಪ್ಪಾದರೂ ಪರವಾಗಿಲ್ಲ, ನಾವೇ ನುಡಿಸೋಣ. ಬಾಸ್ ಗಿಟಾರ್ ಬರುವವರು ಯಾರಾದರೂ ಇದ್ದರೆ ದಯವಿಟ್ಟು ಲೇಡೀಸ್ ಹಾಸ್ಟೆಲ್ ನೋಟಿಸ್ ಬೋರ್ಡಿನಲ್ಲಿ ಹೆಸರು ಬರೆಯಿರಿ. ಗಿಟಾರಿಗೆ ನಾನಿದ್ದೇನೆ, ಹಾಡೋಕೆ ನನ್ನ ರೂಮ್‌ಮೇಟ್ ಇದ್ದಾಳೆ.