ಮೂರು ಪಂಪ್‌ಗಳು, ಒಂದು ಸಹಿ: ಏಳು ಹಂತಗಳ ಮಾದರಿಯಲ್ಲಿ ಪ್ರಕರಣದ ವಿಶ್ಲೇಷಣೆ

ವೃತ್ತಿ ನೀತಿ ಕೋರ್ಸ್, ಎರಡನೇ ಅಸೈನ್‌ಮೆಂಟ್

ಪ್ರಕರಣ

ರೋಗಿಯ ರಕ್ತನಾಳಕ್ಕೆ ಔಷಧಿಯನ್ನು ನಿಧಾನವಾಗಿ, ಅಳತೆ ತಪ್ಪದೆ ಬಿಡುವ ಯಂತ್ರ ಇನ್‌ಫ್ಯೂಷನ್ ಪಂಪ್. ಕರೆಂಟ್ ಹೋದರೆ ಅದು ಬ್ಯಾಟರಿಯಲ್ಲಿ ಓಡಬೇಕು. ಪ್ರಕರಣದ ಕಂಪನಿ ತನ್ನ ಪಂಪ್ ಹೀಗೆ 4 ಗಂಟೆ ಓಡುತ್ತದೆ ಎಂದು ಕೈಪಿಡಿಯಲ್ಲೇ ಬರೆದಿದೆ. 600 ಪಂಪ್‌ಗಳ ಲಾಟ್ ಶುಕ್ರವಾರ ಸಂಜೆ ಹೊರಡಬೇಕು. ಅದರಲ್ಲಿ 40 ತೆಗೆದು ಪರೀಕ್ಷಿಸಿದಾಗ 37 ಪಾಸಾದವು. ಉಳಿದ 3 ಪಂಪ್‌ಗಳು 3 ಗಂಟೆ ತುಂಬುವ ಮೊದಲೇ ನಿಂತವು.

ಪರೀಕ್ಷೆ ಮಾಡಿದಾಕೆ ಕೆಲಸಕ್ಕೆ ಸೇರಿ ಐದು ತಿಂಗಳಾದ ಇಂಜಿನಿಯರ್, ಇನ್ನೂ ಪ್ರೊಬೇಷನ್‌ನಲ್ಲಿದ್ದಾಳೆ. ಬುಧವಾರ ಮಧ್ಯಾಹ್ನ ಮ್ಯಾನೇಜರ್ ಹೇಳುತ್ತಾರೆ: “ಆ ಬೆಂಚಿನ ಚಾರ್ಜರ್ ಸರಿ ಇಲ್ಲಮ್ಮ. ಆ ಮೂರನ್ನು ಬಿಟ್ಟುಬಿಡು. 37ಕ್ಕೆ 37 ಅಂತ ಬರೆದು ಸಹಿ ಹಾಕು. ಪಂಪಿನದ್ದೇ ತಪ್ಪು ಅನ್ನೋಕೆ ನಿನ್ನ ಹತ್ತಿರ ಪುರಾವೆ ಇದೆಯಾ?”

ಈ ಪ್ರಕರಣಕ್ಕೆ ನಾನು ವೃತ್ತಿ ನೀತಿಯ ಬಗ್ಗೆ ಬರೆದ ತತ್ವಶಾಸ್ತ್ರಜ್ಞ ಮೈಕೆಲ್ ಡೇವಿಸ್ ಅವರ ಏಳು ಹಂತಗಳ ಮಾದರಿಯನ್ನು ಬಳಸಿದ್ದೇನೆ.

1. ಸಮಸ್ಯೆಯನ್ನು ಹೇಳುವುದು

ಮೊದಲ ಸಲ ಓದಿದಾಗ ನಾನು ಬರೆದುಕೊಂಡ ಪ್ರಶ್ನೆ ಇದು: “ಮ್ಯಾನೇಜರ್ ಮಾತು ಕೇಳಬೇಕಾ, ಪ್ರಾಮಾಣಿಕಳಾಗಿ ಇರಬೇಕಾ?” ಇದನ್ನು ಹೊಡೆದುಹಾಕಿದೆ. ಇದರಲ್ಲಿ ಉತ್ತರ ಆಗಲೇ ಕೂತಿದೆ. ಮ್ಯಾನೇಜರ್ ಸುಳ್ಳು ಹೇಳುತ್ತಿದ್ದಾರೆ ಎಂದು ಪ್ರಕರಣದಲ್ಲಿ ಎಲ್ಲೂ ಇಲ್ಲ. ಚಾರ್ಜರ್ ನಿಜವಾಗಿಯೂ ಕೆಟ್ಟಿರಬಹುದು ಅಲ್ವಾ? ಎರಡನೇ ಸಲ ಹೀಗೆ ಬರೆದೆ: ಫೇಲಾದ ಫಲಿತಾಂಶವನ್ನು ಕಾರಣ ತಿಳಿಯದೆ ಬಿಟ್ಟು ಸಹಿ ಹಾಕಬಹುದೇ? ಹಾಕಬಾರದು ಎಂದಾದರೆ ಶುಕ್ರವಾರದೊಳಗೆ ಆಕೆ ಏನು ಮಾಡಬೇಕು?

2. ಸಂಗತಿಗಳನ್ನು ನೋಡುವುದು

ನನಗೆ ಅತಿ ಹೆಚ್ಚು ಸಮಯ ಹಿಡಿದ ಹಂತ ಇದು. ಪ್ರಕರಣದ ಕೊನೆಯಲ್ಲಿ ಪರೀಕ್ಷೆಯ ಪಟ್ಟಿ ಇದೆ. ಅದನ್ನು ಸಾಲು ಸಾಲಾಗಿ ನೋಡಿದರೆ ಕಥೆಯೇ ಬದಲಾಗುತ್ತದೆ.

ಫೇಲಾದ ಮೂರರಲ್ಲಿ ಎರಡು ಮಾತ್ರ ಮ್ಯಾನೇಜರ್ ಹೇಳಿದ 2ನೇ ಬೆಂಚಿನಲ್ಲಿದ್ದವು. ಇನ್ನೊಂದು 4ನೇ ಬೆಂಚಿನಲ್ಲಿತ್ತು. 2ನೇ ಬೆಂಚಿನ ಮೇಲೇ ಇದ್ದ ಇನ್ನೂ 8 ಪಂಪ್‌ಗಳು ಪಾಸಾಗಿವೆ. ಹಾಗಾಗಿ ಚಾರ್ಜರ್ ಕಾರಣವೇ ನಿಜವಾದರೂ ಅದು ಎರಡು ಪಂಪ್‌ಗಳಿಗೆ ಮಾತ್ರ ಉತ್ತರ ಕೊಡುತ್ತದೆ.

ಬ್ಯಾಟರಿ ಬ್ಯಾಚ್ ನೋಡಿದರೆ ಮೂರರಲ್ಲೂ ಒಂದೇ ಬ್ಯಾಚ್. 40ರಲ್ಲಿ ಆ ಬ್ಯಾಚಿನ ಬ್ಯಾಟರಿ ಇದ್ದದ್ದು 9 ಪಂಪ್‌ಗಳಲ್ಲಿ. ಉಳಿದ 31ರಲ್ಲಿ ಒಂದೂ ಫೇಲಾಗಿಲ್ಲ. 40ಕ್ಕೆ 3 ಎಂದರೆ ಶೇಕಡಾ 7.5. ಆದರೆ 9ಕ್ಕೆ 3 ಎಂದರೆ ಮೂರರಲ್ಲಿ ಒಂದು! ಸ್ಯಾಂಪಲ್ ಚಿಕ್ಕದು, ಇದರಿಂದಲೇ ತೀರ್ಪು ಕೊಡಲು ಆಗುವುದಿಲ್ಲ. ಹುಡುಕಲು ಶುರುಮಾಡಲಿಕ್ಕಂತೂ ಇಷ್ಟು ಸಾಕು.

ಷರಾ ಕಾಲಂನಲ್ಲಿ ಇನ್ನೊಂದು ಸಾಲು ಇದೆ. ನಿಂತ ಪಂಪ್‌ಗಳಲ್ಲಿ ಎರಡು ಮೊದಲೇ ಅಲಾರಂ ಕೊಟ್ಟವು. ಮೂರನೆಯದು ಸದ್ದಿಲ್ಲದೆ ನಿಂತಿತು. ಇದು ನನ್ನನ್ನು ತುಂಬಾ ಕಾಡಿತು. ಅಲಾರಂ ಹೊಡೆದರೆ ನರ್ಸ್ ಓಡಿ ಬರುತ್ತಾರೆ. ಸದ್ದೇ ಇಲ್ಲದಿದ್ದರೆ ಔಷಧಿ ನಿಂತದ್ದು ಯಾರಿಗೂ ಗೊತ್ತಾಗುವುದಿಲ್ಲ.

600ರಲ್ಲಿ ಆ ಬ್ಯಾಚಿನ ಬ್ಯಾಟರಿ ಎಷ್ಟರಲ್ಲಿದೆ ಎಂದು ಪ್ರಕರಣ ಹೇಳುವುದಿಲ್ಲ. ಆಕೆ ಸ್ಟೋರ್ಸ್‌ಗೆ ಹೋಗಿ ಕೇಳಬೇಕಾದ ಮೊದಲ ಪ್ರಶ್ನೆ ಅದೇ.

3. ಗಮನಿಸಬೇಕಾದ ಅಂಶಗಳು

ಪಂಪ್ ಬಳಸುವ ರೋಗಿ, ಅದನ್ನು ನಂಬುವ ನರ್ಸ್, ತಡವಾದರೆ ಆರ್ಡರ್ ಕಳೆದುಕೊಳ್ಳಬಹುದಾದ ಕಂಪನಿ, ಮೇಲಿನವರಿಗೆ ಉತ್ತರ ಹೇಳಬೇಕಾದ ಮ್ಯಾನೇಜರ್, ಕೆಲಸ ಕಾಯಂ ಆಗದ ಇಂಜಿನಿಯರ್. ಇವರಲ್ಲಿ ಈ ಮಾತುಕತೆಯ ಜಾಗದಲ್ಲಿ ಇಲ್ಲದವರು ರೋಗಿ ಮತ್ತು ನರ್ಸ್. ಅವರ ಪರವಾಗಿ ಅಲ್ಲಿರುವುದು ಆ ರಿಪೋರ್ಟ್ ಮಾತ್ರ. ಇಂಜಿನಿಯರುಗಳ ವೃತ್ತಿ ಸಂಹಿತೆಗಳು ಜನರ ಸುರಕ್ಷತೆಯನ್ನು ಎಲ್ಲಕ್ಕಿಂತ ಮೇಲೆ ಇಡುವುದು ಇದಕ್ಕೇ.

ಮ್ಯಾನೇಜರ್ ಕೇಳಿದ ಪುರಾವೆಯ ಪ್ರಶ್ನೆಯನ್ನೂ ಇಲ್ಲೇ ನೋಡಬೇಕು. 1986ರ ಜನವರಿಯಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರುವ ಹಿಂದಿನ ರಾತ್ರಿ, ರಾಕೆಟ್ಟಿನ ಜೋಡಣೆಗಳಿಂದ ಬಿಸಿ ಅನಿಲ ಸೋರದಂತೆ ತಡೆಯುವ ರಬ್ಬರ್ ಓ-ರಿಂಗ್‌ಗಳು ಚಳಿಯಲ್ಲಿ ಸರಿಯಾಗಿ ಕೆಲಸ ಮಾಡದೇ ಇರಬಹುದು ಎಂದು ಇಂಜಿನಿಯರುಗಳು ಹೇಳಿದ್ದರು. ಹಾರಾಟ ಸುರಕ್ಷಿತ ಎಂದು ತೋರಿಸುವ ಬದಲು, ಅದು ಅಪಾಯಕಾರಿ ಎಂದು ಅವರೇ ಸಾಬೀತು ಮಾಡಬೇಕಾದ ಸ್ಥಿತಿ ಬಂತು. ಮರುದಿನ ನೌಕೆ ಆಕಾಶದಲ್ಲೇ ಒಡೆದು ಅದರಲ್ಲಿದ್ದ ಏಳು ಜನ ಸತ್ತರು. ಇಲ್ಲಿಯೂ ಹೊರೆ ಅದೇ ರೀತಿ ತಿರುಗಿದೆ. ಪಂಪ್ 4 ಗಂಟೆ ಓಡುತ್ತದೆ ಎಂದು ತೋರಿಸಬೇಕಾದದ್ದು ಕಂಪನಿಯೇ.

4. ದಾರಿಗಳು

ಸಹಿ ಹಾಕುವುದು, ಹಾಕದೇ ಇರುವುದು: ಎರಡೇ ದಾರಿ ಎಂದು ಮೊದಲು ಅನಿಸಿತ್ತು. ಕೂತು ಬರೆದಾಗ ಇನ್ನೂ ನಾಲ್ಕು ಸಿಕ್ಕವು. ಮೂರು ಪಂಪ್‌ಗಳನ್ನು ಮತ್ತೆ ಪರೀಕ್ಷಿಸಬಹುದು. 40 ಫಲಿತಾಂಶಗಳನ್ನೂ ಬರೆದು, ಚಾರ್ಜರ್ ಅನುಮಾನವನ್ನೂ ಅಲ್ಲೇ ಸೇರಿಸಬಹುದು. ಅನುಮಾನದ ಬ್ಯಾಚನ್ನು ತಡೆದು ಉಳಿದದ್ದನ್ನು ಕಳಿಸಬಹುದು. ಗುಣಮಟ್ಟ ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಬಹುದು. ಹೊರಗಿನ ಅಧಿಕಾರಿಗಳಿಗೆ ದೂರು ಕೊಡುವುದು ಏಳನೆಯ ದಾರಿ. ಒಳಗಿನ ಬಾಗಿಲು ಇನ್ನೂ ತಟ್ಟದೇ ಇರುವಾಗ ಅದು ಬುಧವಾರದ ಮಾತಲ್ಲ.

5. ದಾರಿಗಳನ್ನು ಪರೀಕ್ಷಿಸುವುದು

“37ಕ್ಕೆ 37” ಎಂಬುದು ಯಾವ ನೈತಿಕ ಪರೀಕ್ಷೆಯಲ್ಲೂ ನಿಲ್ಲುವುದಿಲ್ಲ, ಅದಕ್ಕೆ ಜಾಸ್ತಿ ಜಾಗ ಕೊಡುವುದಿಲ್ಲ. ಆ ಪಂಪಿನ ಕೆಳಗೆ ನಾನೇ ಮಲಗಿದ್ದರೆ ಎಂದು ಕೇಳಿದರೆ ಸಾಕು.

ಒಳ್ಳೆಯದಾಗಿ ಕಾಣುವ ದಾರಿಗಳೇ ಕಷ್ಟದವು. ಮತ್ತೆ ಪರೀಕ್ಷಿಸುವುದನ್ನೇ ತಗೊಳ್ಳಿ. ಎರಡನೇ ಸಲ ಪಾಸಾದರೆ ಮೊದಲಿನದನ್ನು ಹರಿದುಹಾಕುತ್ತೇವಾ? 1993ರಲ್ಲಿ ಅಮೆರಿಕದ ಬಾರ್ ಲ್ಯಾಬೊರೇಟರೀಸ್ ಎಂಬ ಔಷಧ ಕಂಪನಿಯ ಮೊಕದ್ದಮೆಯಲ್ಲಿ ಇದೇ ವಿಷಯ ಬಂದಿತ್ತು. ಫೇಲಾದ ಫಲಿತಾಂಶದ ಕಾರಣ ಹುಡುಕಬೇಕು, ಪಾಸಾಗುವ ತನಕ ಪರೀಕ್ಷಿಸುತ್ತಾ ಹೋಗಬಾರದು ಎಂದು ನ್ಯಾಯಾಲಯ ಹೇಳಿತು. ಮರುಪರೀಕ್ಷೆಗೆ ಒಂದು ಪ್ರಶ್ನೆ ಇರಬೇಕು, ಹಳೆಯ ಫಲಿತಾಂಶವೂ ಉಳಿಯಬೇಕು.

ಬ್ಯಾಚ್ ತಡೆದು ಉಳಿದದ್ದನ್ನು ಕಳಿಸುವ ದಾರಿ ನಮ್ಮ ಗುಂಪಿನ ಚರ್ಚೆಯಲ್ಲಿ ಎಲ್ಲರಿಗೂ ಹಿಡಿಸಿತು. ನಾನು ಒಪ್ಪಲಿಲ್ಲ. ಬ್ಯಾಟರಿ ಬೇಗ ಖಾಲಿಯಾಗಿದ್ದು ಬ್ಯಾಟರಿಯ ತಪ್ಪಿರಬಹುದು. ಅಲಾರಂ ಹೊಡೆಯದಿದ್ದದ್ದು ಪಂಪಿನ ತಪ್ಪೂ ಆಗಿರಬಹುದು. ಹಾಗಿದ್ದರೆ ಅದು 600ರಲ್ಲೂ ಇರಬಹುದು. ಈ ದಾರಿ ಅಪಾಯವನ್ನು ತಡೆಯುವಂತೆ ಕಾಣುತ್ತದೆ, ಅರ್ಧವನ್ನು ಮಾತ್ರ ತಡೆಯುತ್ತದೆ.

6. ಆಯ್ಕೆ

ಆಕೆ 40 ಫಲಿತಾಂಶಗಳನ್ನೂ ಬರೆದು, ಅದಕ್ಕೆ ಸಹಿ ಹಾಕಬೇಕು. ಮ್ಯಾನೇಜರ್ ಹತ್ತಿರ ಹೀಗೆ ಹೇಳಬಹುದು: “ಸರ್, ಚಾರ್ಜರ್ ಇರಬಹುದು. ಇವತ್ತು ರಾತ್ರಿಯೇ ನೋಡಿಬಿಡೋಣ.” ಫೇಲಾದ ಬ್ಯಾಟರಿಗಳನ್ನು ಪಾಸಾದ ಪಂಪ್‌ಗಳಿಗೆ, ಪಾಸಾದ ಬ್ಯಾಟರಿಗಳನ್ನು ಫೇಲಾದ ಪಂಪ್‌ಗಳಿಗೆ ಹಾಕಿ, ಸರಿಯಿರುವ ಇನ್ನೊಂದು ಬೆಂಚಿನಲ್ಲಿ ಇಡಬೇಕು. ಚಾರ್ಜ್ ಆಗಲು 8 ಗಂಟೆ, ಓಡಲು 4 ಗಂಟೆ. ಗುರುವಾರ ಬೆಳಗ್ಗೆ ತಪ್ಪು ಬ್ಯಾಟರಿಯ ಜೊತೆ ಹೋಯಿತಾ, ಪಂಪಿನಲ್ಲೇ ಉಳಿಯಿತಾ ಎಂಬ ಸುಳಿವು ಸಿಗುತ್ತದೆ. ಅಲಾರಂ ಯಾಕೆ ಹೊಡೆಯಲಿಲ್ಲ ಎಂದು ತಿಳಿಯುವ ತನಕ ಲಾಟ್ ನಿಲ್ಲಲಿ ಎಂದು ರಿಪೋರ್ಟಿನಲ್ಲೇ ಬರೆಯಬೇಕು. ಶುಕ್ರವಾರ ತಪ್ಪಬಹುದು.

ಮ್ಯಾನೇಜರ್ ಒಪ್ಪದಿದ್ದರೆ, ಅವರಿಗೆ ಮೊದಲೇ ತಿಳಿಸಿ, ಪಟ್ಟಿಯನ್ನು ಹಿಡಿದು ಗುಣಮಟ್ಟ ಮುಖ್ಯಸ್ಥರ ಹತ್ತಿರ ಹೋಗಬೇಕು. ಇದರಿಂದ ಆಕೆಯ ಕೆಲಸ ಹೋಗಬಹುದು. ಅದನ್ನು ಮುಚ್ಚಿಟ್ಟು ಸುಮ್ನೆ “ಧೈರ್ಯ ಮಾಡಬೇಕು” ಎಂದು ಬರೆಯಲು ನನಗೆ ಮನಸ್ಸಿಲ್ಲ. ಅದಕ್ಕೇ ಪಟ್ಟಿಯನ್ನು ಮೊದಲೇ ಒಬ್ಬ ಹಿರಿಯ ಸಹೋದ್ಯೋಗಿಗೆ ತೋರಿಸಲಿ, ಅವರನ್ನೂ ಜೊತೆಗೆ ಕರೆದುಕೊಂಡು ಹೋಗಲಿ. ಇಬ್ಬರು ಓದಿದ ಪಟ್ಟಿಯನ್ನು ತಳ್ಳಿಹಾಕುವುದು ಅಷ್ಟು ಸುಲಭ ಅಲ್ಲ.

7. ಹಿಂತಿರುಗಿ ನೋಡುವುದು

ಮುಂದೆ ಇಂಥ ಬುಧವಾರ ಬರದಂತೆ ಏನು ಮಾಡಬಹುದು ಎಂದು ಈ ಹಂತ ಕೇಳುತ್ತದೆ. ರಿಪೋರ್ಟ್ ಫಾರಂನಲ್ಲಿ “ಪಾಸಾದವು” ಕಾಲಂ ಮಾತ್ರ ಇದೆ. ಪರೀಕ್ಷಿಸಿದವು, ಬಿಟ್ಟವು, ಬಿಟ್ಟ ಕಾರಣ ಎಂದು ಮೂರು ಕಾಲಂ ಸೇರಿಸಬೇಕು. ಒಂದನ್ನು ಬಿಟ್ಟರೂ ಬೇರೆ ವಿಭಾಗದವರ ಎರಡನೇ ಸಹಿ ಬೇಕು. ಬೆಂಚಿನ ಚಾರ್ಜರ್‌ಗಳನ್ನು ಪರೀಕ್ಷೆಗೆ ಮೊದಲೇ ನೋಡಿ ದಿನಾಂಕ ಹಾಕಬೇಕು, ಫಲಿತಾಂಶ ಬಂದ ಮೇಲಲ್ಲ.