ಐಚ್ಛಿಕ ವಿಷಯ ‘ಧರ್ಮ ಮತ್ತು ವಿಜ್ಞಾನ’: ಅಧ್ಯಾಪಕರ ಸಮಿತಿಯ ವರದಿ

ಪ್ರಾಚಾರ್ಯರಿಗೆ,
ಶಿರಸಿ

ಐದನೇ ಸೆಮಿಸ್ಟರಿಗೆ 3 ಕ್ರೆಡಿಟ್‌ನ ಈ ವಿಷಯವನ್ನು ಸೇರಿಸಲು ಸಮಿತಿ ಒಮ್ಮತದಿಂದ ಶಿಫಾರಸು ಮಾಡುತ್ತದೆ.

ಪಂಚಾಂಗದ ಒಂದೇ ಪುಟದಲ್ಲಿ ಗ್ರಹಣದ ಸ್ಪರ್ಶ, ಮೋಕ್ಷದ ಗಣಿತವೂ ಇದೆ, ಊಟ ಬಿಡುವ ವಿಧಿಯೂ ಇದೆ. ಗ್ರಹಣಕ್ಕೆ ನೆರಳೇ ಕಾರಣವೆಂದು ಆರ್ಯಭಟ ಹೇಳಿ 1500 ವರ್ಷ ದಾಟಿದರೂ ಈ ಎರಡನ್ನೂ ಒಟ್ಟಿಗೆ ಚರ್ಚಿಸುವ ತರಗತಿ ನಮ್ಮಲ್ಲಿಲ್ಲ. ಮೊದಲ ಘಟಕ ಇದೇ ಆಗಲಿ. ಎರಡನೆಯದು 1633ರ ಗೆಲಿಲಿಯೊ ವಿಚಾರಣೆ. ಆತ ಸ್ವತಃ ದೈವಭಕ್ತನಾಗಿದ್ದ ಎಂಬುದನ್ನು ಬಿಟ್ಟು ಕಲಿಸಿದರೆ ಪಾಠ ಹಾದಿ ತಪ್ಪುತ್ತದೆ.

ಕ್ಷೇತ್ರಕಾರ್ಯಕ್ಕೆ ದೇವರಕಾಡು ಮತ್ತು ಪಕ್ಕದ ಸೊಪ್ಪಿನಬೆಟ್ಟ: ಎರಡರಲ್ಲೂ 10×10 ಮೀಟರ್ ಚೌಕ ಹಾಕಿ ಮರಗಳ ಜಾತಿ, ಸುತ್ತಳತೆ ಬರೆಯಬೇಕು. ಮಳೆಗಾಲದಲ್ಲಿ ಉಂಬಳದ ಕಾಟ, ಡಿಸೆಂಬರ್ ಸೂಕ್ತ.

ಭೌತಶಾಸ್ತ್ರ, ತತ್ವಶಾಸ್ತ್ರದ ಇಬ್ಬರು ಜೊತೆಯಾಗಿ ಕಲಿಸಲಿ. ಒಬ್ಬರೇ ಆದರೆ ಪ್ರವಚನವಾಗುವ ಅಪಾಯವಿದೆ. ಅಂಕ ವಾದಕ್ಕೇ ಹೊರತು ನಂಬಿಕೆಗಲ್ಲ. ಪುಸ್ತಕಗಳಿಗೆ ರೂ. 20,000, ಬಸ್ಸಿಗೆ ರೂ. 6,000 ಬೇಕು.