ಉತ್ತರ ಪತ್ರಿಕೆಯ ದೃಢೀಕೃತ ಪ್ರತಿ ಕೋರಿ ಪರೀಕ್ಷಾ ವಿಭಾಗಕ್ಕೆ ಪತ್ರ

ದಿನಾಂಕ: 20-02-2026

ಇಂದ:
ನಾಗಶ್ರೀ ಎಂ.
ಬಿ.ಎಸ್ಸಿ. ಮೂರನೇ ಸೆಮಿಸ್ಟರ್
ನೋಂದಣಿ ಸಂಖ್ಯೆ: 2304187

ಗೆ:
ಕುಲಸಚಿವರು (ಮೌಲ್ಯಮಾಪನ)
ಪರೀಕ್ಷಾ ವಿಭಾಗ, ವಿಶ್ವವಿದ್ಯಾಲಯದ ಆಡಳಿತ ಭವನ

ವಿಷಯ: ಭೌತಶಾಸ್ತ್ರ ಮೂರನೇ ಸೆಮಿಸ್ಟರ್, ಉಷ್ಣಬಲ ವಿಜ್ಞಾನ (ಥರ್ಮೋಡೈನಾಮಿಕ್ಸ್) ಪತ್ರಿಕೆಯ ನನ್ನ ಉತ್ತರ ಪತ್ರಿಕೆಯ ದೃಢೀಕೃತ ಪ್ರತಿಯನ್ನು ಹೆಚ್ಚುವರಿ ಹಾಳೆಗಳ ಸಮೇತ ಕೊಡುವ ಬಗ್ಗೆ.

ಮಾನ್ಯರೇ,

2025ರ ಡಿಸೆಂಬರ್ 9ರ ಮಂಗಳವಾರ ಬೆಳಗ್ಗೆ 10ರಿಂದ 1 ಗಂಟೆವರೆಗೆ ನಡೆದ ಮೇಲಿನ ಪರೀಕ್ಷೆಯನ್ನು ನಾನು ಬರೆದಿದ್ದೇನೆ. ಫೆಬ್ರವರಿ 16ರಂದು ಫಲಿತಾಂಶ ಬಂತು. ಈ ಪತ್ರಿಕೆಯಲ್ಲಿ ನನಗೆ 80ಕ್ಕೆ 41 ಅಂಕ ಬಂದಿದೆ. ಪಾಸಾಗಿದ್ದೇನೆ, ಅದರಲ್ಲಿ ತಕರಾರಿಲ್ಲ. ಆದರೆ ನಾನು ಬರೆದದ್ದಕ್ಕೂ ಬಂದಿರುವ ಅಂಕಕ್ಕೂ ತಾಳೆಯಾಗುತ್ತಿಲ್ಲ. ಅದಕ್ಕೆ ಒಂದು ನಿರ್ದಿಷ್ಟ ಕಾರಣ ಇರಬಹುದು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಪ್ರಶ್ನೆ ಪತ್ರಿಕೆಯ ಭಾಗ ಇ ಯಲ್ಲಿ ತಲಾ 10 ಅಂಕದ ನಾಲ್ಕು ಪ್ರಶ್ನೆಗಳಿಗೆ ಉತ್ತರಿಸಬೇಕಿತ್ತು. ನಾನು 12, 13, 15 ಮತ್ತು 17ನ್ನು ಆರಿಸಿಕೊಂಡೆ. ಮೊದಲ ಎರಡು ಮುಗಿಯುವಷ್ಟರಲ್ಲಿ ಮುಖ್ಯ ಉತ್ತರ ಪುಸ್ತಿಕೆ ತುಂಬಿಹೋಯಿತು. ನನ್ನ ಅಕ್ಷರ ಸ್ವಲ್ಪ ದೊಡ್ಡದು, ಅದು ನನ್ನದೇ ತಪ್ಪು. ಸುಮಾರು 12.15ಕ್ಕೆ ಹೆಚ್ಚುವರಿ ಹಾಳೆ ಕೇಳಿದೆ. ಕೊಠಡಿ ಮೇಲ್ವಿಚಾರಕರು 8 ಪುಟದ ಒಂದು ಹೆಚ್ಚುವರಿ ಪುಸ್ತಿಕೆ ಕೊಟ್ಟು, ಸಹಿ ಹಾಕಿದರು. ಅದರ ಕ್ರಮಸಂಖ್ಯೆ 20417. ಹಿರಿಯ ವಿದ್ಯಾರ್ಥಿಯೊಬ್ಬರು ಹಿಂದೆ ಹೇಳಿಕೊಟ್ಟಿದ್ದ ಅಭ್ಯಾಸದಂತೆ ಆ ಸಂಖ್ಯೆಯನ್ನು ಪ್ರಶ್ನೆ ಪತ್ರಿಕೆಯ ಹಿಂದೆ ಬರೆದಿಟ್ಟುಕೊಂಡಿದ್ದೆ. ಆಗ ಸುಮ್ನೆ ಬರೆದಿದ್ದೆ, ಈಗ ಅದೇ ಕೆಲಸಕ್ಕೆ ಬರುತ್ತಿದೆ. ಮುಖ್ಯ ಪುಸ್ತಿಕೆಯ ಮೊದಲ ಪುಟದಲ್ಲಿ ಹೆಚ್ಚುವರಿ ಹಾಳೆಗಳ ಕಾಲಂನಲ್ಲಿ 1 ಎಂದು ನಾನೇ ತುಂಬಿದ್ದೇನೆ. ಕೊನೆಯ ಗಂಟೆ ಹೊಡೆದಾಗ ಎರಡನ್ನೂ ದಾರದಿಂದ ಕಟ್ಟಿಯೇ ಕೊಟ್ಟಿದ್ದೇನೆ.

15 ಮತ್ತು 17ನೇ ಪ್ರಶ್ನೆಗಳ ಉತ್ತರ ಪೂರ್ತಿ ಆ ಹೆಚ್ಚುವರಿ ಪುಸ್ತಿಕೆಯಲ್ಲೇ ಇದೆ. ಮುಖ್ಯ ಪುಸ್ತಿಕೆಯಲ್ಲಿ ಈ ಎರಡರ ಒಂದು ಸಾಲೂ ಇಲ್ಲ. 15ನೇದರಲ್ಲಿ ಕಾರ್ನೋ ಚಕ್ರದ ನಾಲ್ಕು ಹಂತಗಳನ್ನು ಚಿತ್ರದ ಜೊತೆ ವಿವರಿಸಿ, 500 ಕೆಲ್ವಿನ್ ಮತ್ತು 300 ಕೆಲ್ವಿನ್ ನಡುವೆ ಕೆಲಸ ಮಾಡುವ ಯಂತ್ರದ ದಕ್ಷತೆ ಲೆಕ್ಕ ಮಾಡಬೇಕಿತ್ತು. ನಾನು ಬರೆದ ಉತ್ತರ ಹೀಗಿದೆ:

η = 1 − T2/T1 = 1 − 300/500 = 0.4

ಅಂದರೆ ಶೇಕಡಾ 40. ಇದರಲ್ಲಿ ಬೇರೆ ಉತ್ತರ ಬರಲು ಜಾಗವೇ ಇಲ್ಲ. 17ನೇದರಲ್ಲಿ ಮ್ಯಾಕ್ಸ್‌ವೆಲ್‌ನ ಸಂಬಂಧಗಳಿಂದ ಶುರುಮಾಡಿ ಕ್ಲಾಸಿಯಸ್–ಕ್ಲಾಪೆರಾನ್ ಸಮೀಕರಣದವರೆಗೆ ಬಂದಿದ್ದೇನೆ. ಒತ್ತಡ ಜಾಸ್ತಿಯಾದರೆ ಮಂಜುಗಡ್ಡೆಯ ಕರಗುವ ಬಿಂದು ಏಕೆ ಇಳಿಯುತ್ತದೆ ಎನ್ನುವುದಕ್ಕೆ ಕಾರಣ ಕೂಡ ಬರೆದಿದ್ದೇನೆ: ಕರಗಿದಾಗ ಗಾತ್ರ ಕಡಿಮೆಯಾಗುತ್ತದೆ, ಹಾಗಾಗಿ dP/dT ಋಣವಾಗುತ್ತದೆ. ಈ ಎರಡಕ್ಕೂ ಪೂರ್ತಿ ಅಂಕ ಸಿಗಲೇಬೇಕು ಎಂದು ಹೇಳುತ್ತಿಲ್ಲ. ಆದರೆ ಎರಡೂ ಸೇರಿ ಸೊನ್ನೆ ಬರುವಂಥವಲ್ಲ.

ನನ್ನ ತಪ್ಪುಗಳನ್ನೂ ಮುಚ್ಚಿಡುವುದಿಲ್ಲ. ಭಾಗ ಆ ದಲ್ಲಿ ಎಂಟ್ರೊಪಿಯ ಒಂದು ಲೆಕ್ಕದಲ್ಲಿ ln ಬದಲು log ಬಳಸಿ, 2.303ರಿಂದ ಗುಣಿಸುವುದನ್ನು ಮರೆತೆ. ಮನೆಗೆ ಬಂದ ಮೇಲೆ ಗೊತ್ತಾಯಿತು. 12ನೇ ಪ್ರಶ್ನೆಯಲ್ಲಿ ಒಂದು ಹಂತ ಬಿಟ್ಟಿದ್ದೇನೆ. ಇವೆಲ್ಲಾ ಕಳೆದು, ಸ್ವಲ್ಪ ಬಿಗಿಯಾಗಿಯೇ ಎಣಿಸಿದರೂ ಮುಖ್ಯ ಪುಸ್ತಿಕೆಯಲ್ಲಿರುವ 60 ಅಂಕದ ಉತ್ತರಗಳಿಗೆ 40ರ ಆಸುಪಾಸು ಬರುತ್ತದೆ. ಬಂದಿರುವುದು 41. ಹೆಚ್ಚುವರಿ ಪುಸ್ತಿಕೆಯ 20 ಅಂಕದ ಭಾಗ ಮೌಲ್ಯಮಾಪಕರ ಕಣ್ಣಿಗೆ ಬಿದ್ದಿಲ್ಲವೇನೋ ಎಂಬ ಅನುಮಾನ ಹುಟ್ಟಿದ್ದು ಇಲ್ಲಿಂದ. ಇದು ಅನುಮಾನ ಮಾತ್ರ. ದಾರ ಬಿಚ್ಚಿಕೊಂಡಿರಬಹುದು, ಸ್ಕ್ಯಾನ್ ಮಾಡುವಾಗ ಬಿಟ್ಟುಹೋಗಿರಬಹುದು, ಅಥವಾ ನನ್ನ ಎಣಿಕೆಯೇ ತಪ್ಪಿರಬಹುದು. ಪ್ರತಿ ಕೈಗೆ ಬಂದರೆ ಐದು ನಿಮಿಷದಲ್ಲಿ ಗೊತ್ತಾಗುವ ವಿಷಯ ಇದು.

ಹಾಗಾಗಿ ನನ್ನ ಕೋರಿಕೆ. ಮುಖ್ಯ ಪುಸ್ತಿಕೆಯ ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಖಾಲಿ ಪುಟಗಳೂ ಸೇರಿ, ಮತ್ತು ಕ್ರಮಸಂಖ್ಯೆ 20417ರ ಹೆಚ್ಚುವರಿ ಪುಸ್ತಿಕೆಯ ಎಂಟೂ ಪುಟಗಳ ಪ್ರತಿಯನ್ನು ಕೊಡಿ. ಪ್ರತಿ ಪುಟದಲ್ಲೂ ‘ಮೂಲದಂತೆ ಇದೆ’ ಎಂಬ ದೃಢೀಕರಣ, ಅಧಿಕಾರಿಯ ಸಹಿ ಮತ್ತು ಕಚೇರಿಯ ಮೊಹರು ಇರಲಿ. ಸಾದಾ ಜೆರಾಕ್ಸ್ ಸಾಕಾಗುವುದಿಲ್ಲ, ಏಕೆಂದರೆ ಮುಂದೆ ಮರು ಎಣಿಕೆಗೋ ಮರು ಮೌಲ್ಯಮಾಪನಕ್ಕೋ ಹೋದರೆ ಇದೇ ನನ್ನ ಆಧಾರ.

ಒಂದು ಸಣ್ಣ ವಿನಂತಿ ಇದೆ, ಕೇಳಲು ವಿಚಿತ್ರ ಅನ್ನಿಸಬಹುದು. ದಯವಿಟ್ಟು ಪುಟದ ಎಡ ಅಂಚು ಕತ್ತರಿಸಿಹೋಗದಂತೆ ಪ್ರತಿ ತೆಗೆಸಿ. ಪ್ರಶ್ನೆ ಸಂಖ್ಯೆ ಇರುವುದೂ, ಮೌಲ್ಯಮಾಪಕರು ಅಂಕ ಹಾಕುವುದೂ ಆ ಅಂಚಿನಲ್ಲೇ. ನನ್ನ ಸಹಪಾಠಿಯೊಬ್ಬಳಿಗೆ ಹಿಂದಿನ ಸೆಮಿಸ್ಟರ್‌ನಲ್ಲಿ ಸಿಕ್ಕ ಪ್ರತಿಯಲ್ಲಿ ಉತ್ತರಗಳೆಲ್ಲಾ ಚೆನ್ನಾಗಿ ಕಾಣುತ್ತಿದ್ದವು, ಅಂಕಗಳು ಮಾತ್ರ ಕಾಣುತ್ತಿರಲಿಲ್ಲ! ಅವಳು ಮತ್ತೆ ಅರ್ಜಿ ಹಾಕುವಷ್ಟರಲ್ಲಿ ಕೊನೆಯ ದಿನಾಂಕ ಮುಗಿದಿತ್ತು.

ಮೊದಲ ಪುಟದಲ್ಲಿರುವ ಪ್ರಶ್ನೆವಾರು ಅಂಕದ ಕೋಷ್ಟಕ ನನಗೆ ಎಲ್ಲಕ್ಕಿಂತ ಮುಖ್ಯ. ಅಲ್ಲಿ 15 ಮತ್ತು 17ರ ಚೌಕದಲ್ಲಿ 0 ಇದೆಯೋ ಅಥವಾ ಏನೂ ಬರೆಯದೆ ಖಾಲಿ ಬಿಟ್ಟಿದೆಯೋ ನೋಡಬೇಕು. 0 ಇದ್ದರೆ ಓದಿ ಅಂಕ ಕೊಟ್ಟಿಲ್ಲ ಎಂದರ್ಥ. ಖಾಲಿ ಇದ್ದರೆ ಓದಿಯೇ ಇಲ್ಲ ಅಂತ ಅಲ್ವಾ? ಮೊದಲನೆಯದಾದರೆ ನಾನು ಮರು ಮೌಲ್ಯಮಾಪನ ಕೇಳಬೇಕು. ಎರಡನೆಯದಾದರೆ ಬಿಟ್ಟುಹೋದ ಉತ್ತರವನ್ನು ನೋಡಿ ಎಂದು ಕೇಳಿದರೆ ಸಾಕು. ಎರಡೂ ಸರಿಯಿದ್ದು ಕೂಡಿಸುವುದರಲ್ಲಿ ತಪ್ಪಾಗಿದ್ದರೆ ಮರು ಎಣಿಕೆ ಸಾಕು. ಯಾವುದನ್ನು ಕೇಳಬೇಕು ಎಂದು ತಿಳಿಯದೆ ಸುಮ್ಮನೆ ಎಲ್ಲಕ್ಕೂ ಅರ್ಜಿ ಹಾಕಿ ನಿಮ್ಮ ಕಚೇರಿಯ ಸಮಯವನ್ನೂ ನನ್ನ ಹಣವನ್ನೂ ಹಾಳುಮಾಡಲು ನನಗೆ ಇಷ್ಟವಿಲ್ಲ. ಈ ಪತ್ರಿಕೆಯನ್ನು ಇಬ್ಬರು ಮೌಲ್ಯಮಾಪಕರು ನೋಡಿದ್ದರೆ ಇಬ್ಬರ ಅಂಕಗಳ ಹಾಳೆಯೂ ಬೇಕು. ಅವರ ಹೆಸರು, ಸಹಿ ನನಗೆ ಬೇಡ. ಅವನ್ನು ಮುಚ್ಚಿಯೇ ಪ್ರತಿ ಕೊಡಿ. ಜೊತೆಗೆ ಈ ಪತ್ರಿಕೆಯ ಸ್ಕೀಮ್ ಆಫ್ ವ್ಯಾಲ್ಯುಯೇಷನ್ ಕೊಡಲು ನಿಯಮ ಬಿಡುವುದಾದರೆ ಅದನ್ನೂ ಸೇರಿಸಿ. ಬಿಡದಿದ್ದರೆ ಅದಕ್ಕಾಗಿ ಉಳಿದದ್ದನ್ನು ತಡಮಾಡಬೇಡಿ.

ಫೆಬ್ರವರಿ 18ರಂದು ನಾನು ಕೌಂಟರ್‌ಗೆ ಬಂದು ಬಾಯಿಮಾತಿನಲ್ಲಿ ವಿಚಾರಿಸಿದ್ದೆ. ಮರು ಮೌಲ್ಯಮಾಪನದ ಅರ್ಜಿ ಮೊದಲು ಹಾಕಿ, ಪ್ರತಿ ಆಮೇಲೆ ನೋಡೋಣ ಎಂದರು. ಅಲ್ಲಿದ್ದವರಿಗೆ ಅಂದು ಜನ ಜಾಸ್ತಿ ಇದ್ದರು, ಅವರ ಮೇಲೆ ದೂರಿಲ್ಲ. ಆದರೆ ಆ ಕ್ರಮ ತಲೆಕೆಳಗು ಎಂದು ನನ್ನ ಭಾವನೆ. ಪ್ರತಿ ನೋಡಿದ ಮೇಲೆ ತಾನೇ ಮರು ಮೌಲ್ಯಮಾಪನ ಬೇಕೋ ಬೇಡವೋ ಗೊತ್ತಾಗುವುದು?

ಮೌಲ್ಯಮಾಪನವಾದ ಉತ್ತರ ಪತ್ರಿಕೆ 2005ರ ಮಾಹಿತಿ ಹಕ್ಕು ಕಾಯ್ದೆಯ ಅರ್ಥದಲ್ಲಿ ‘ಮಾಹಿತಿ’ಯೇ ಆಗುತ್ತದೆ, ಅದನ್ನು ಬರೆದವರಿಗೆ ನೋಡುವ ಮತ್ತು ಪ್ರತಿ ಪಡೆಯುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2011ರ ಆಗಸ್ಟ್ 9ರ ತೀರ್ಪಿನಲ್ಲಿ ಹೇಳಿದೆ. ಮೌಲ್ಯಮಾಪಕರ ಗುರುತು ಹೊರಬರಬಾರದು ಎಂದೂ ಅದೇ ತೀರ್ಪಿನಲ್ಲಿದೆ, ಮೇಲೆ ನಾನು ಕೇಳಿರುವುದೂ ಅದಕ್ಕೆ ತಕ್ಕಂತೆಯೇ ಇದೆ. ಆ ಕಾಯ್ದೆಯಡಿ ಅರ್ಜಿ ಹಾಕಿದರೆ ಉತ್ತರಕ್ಕೆ 30 ದಿನದ ಗಡುವಿದೆ. ನನಗೆ ಅಷ್ಟು ದಿನ ಕಾಯಲು ಆಗುವುದಿಲ್ಲ, ಆದ್ದರಿಂದಲೇ ವಿಶ್ವವಿದ್ಯಾಲಯದ ಸ್ವಂತ ನಮೂನೆಯಲ್ಲಿ, ನಿಗದಿಯಾದ ಶುಲ್ಕ ಕಟ್ಟಿ, ನೇರವಾಗಿ ತಮ್ಮನ್ನು ಕೇಳುತ್ತಿದ್ದೇನೆ.

ಕಾಯಲು ಆಗದಿರುವುದಕ್ಕೆ ಕಾರಣ ಮರು ಮೌಲ್ಯಮಾಪನಕ್ಕೆ ಅರ್ಜಿ ಹಾಕಲು ಕೊನೆಯ ದಿನ ಮಾರ್ಚ್ 4. ಇವತ್ತಿನಿಂದ ಲೆಕ್ಕ ಹಾಕಿದರೆ 12 ದಿನ ಇದೆ. ಫೆಬ್ರವರಿ 27ರೊಳಗೆ ಪ್ರತಿ ಸಿಕ್ಕರೆ ಯಾವ ತೊಂದರೆಯೂ ಇಲ್ಲ. ಅದು ಸಾಧ್ಯವಾಗದಿದ್ದರೆ, ಪ್ರತಿ ನನ್ನ ಕೈಸೇರಿದ ದಿನದಿಂದ ಐದು ಕೆಲಸದ ದಿನ ನನಗೆ ಅರ್ಜಿ ಹಾಕಲು ಅವಕಾಶ ಕೊಟ್ಟು, ಅದನ್ನು ಬರವಣಿಗೆಯಲ್ಲಿ ತಿಳಿಸಬೇಕು. ಬಾಯಿಮಾತಿನ ಭರವಸೆ ಕೌಂಟರ್ ಬದಲಾದರೆ ನಿಲ್ಲುವುದಿಲ್ಲ.

ಇನ್ನೊಂದು ಮಾತು. ಈ ವಿಷಯ ಇತ್ಯರ್ಥವಾಗುವವರೆಗೆ ಮೂಲ ಉತ್ತರ ಪತ್ರಿಕೆಯನ್ನು, ಮುಖ್ಯವಾಗಿ ಹೆಚ್ಚುವರಿ ಪುಸ್ತಿಕೆಯನ್ನು, ವಿಲೇವಾರಿ ಮಾಡದೆ ಕಾಪಾಡಿಡಿ. ಹುಡುಕಿದಾಗ ಹೆಚ್ಚುವರಿ ಪುಸ್ತಿಕೆ ಮುಖ್ಯ ಪುಸ್ತಿಕೆಯ ಜೊತೆ ಇಲ್ಲದಿದ್ದರೆ ‘ಪ್ರತಿ ಲಭ್ಯವಿಲ್ಲ’ ಎಂದಷ್ಟೇ ಬರೆದು ಕಳಿಸಬೇಡಿ. ಆ ದಿನದ ಪರೀಕ್ಷಾ ಕೇಂದ್ರದ ಹಾಜರಾತಿ ಹಾಳೆಯಲ್ಲೂ ಹೆಚ್ಚುವರಿ ಪುಸ್ತಿಕೆ ವಿತರಿಸಿದ ದಾಖಲೆಯಲ್ಲೂ 20417 ನನ್ನ ನೋಂದಣಿ ಸಂಖ್ಯೆಯ ಎದುರು ಇದೆಯೇ ಎಂದು ನೋಡಿಸಿ. ನಾನು ಅಲ್ಲಿ ಸಹಿ ಮಾಡಿದ ನೆನಪಿದೆ.

ಪ್ರತಿಯನ್ನು ಪಡೆಯಲು ನಾನೇ ಗುರುತಿನ ಚೀಟಿಯೊಂದಿಗೆ ಕಚೇರಿಗೆ ಬರುತ್ತೇನೆ, ಅಂಚೆಯಲ್ಲಿ ಕಳಿಸುವುದು ಬೇಡ. ನನ್ನ ವಿಳಾಸ ಮತ್ತು ಮೊಬೈಲ್ ಸಂಖ್ಯೆ ಲಗತ್ತಿಸಿರುವ ನಮೂನೆಯಲ್ಲಿದೆ. ಪ್ರತಿ ಸಿದ್ಧವಾದ ಕೂಡಲೇ ಒಂದು ಸಂದೇಶ ಕಳಿಸಿದರೆ ಅಂದೇ ಬರುತ್ತೇನೆ. ಈ ಪತ್ರದ ಎರಡನೇ ಪ್ರತಿಯ ಮೇಲೆ ಸ್ವೀಕೃತಿಯ ಸಹಿ, ಮೊಹರು ಮತ್ತು ದಿನಾಂಕ ಹಾಕಿಕೊಡಬೇಕೆಂದು ಕೋರುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
(ಸಹಿ)
ನಾಗಶ್ರೀ ಎಂ.

ಲಗತ್ತು: ಭರ್ತಿ ಮಾಡಿದ ಅರ್ಜಿ ನಮೂನೆ, ಶುಲ್ಕದ ರಸೀದಿ, ಪ್ರವೇಶ ಪತ್ರ ಮತ್ತು ಫಲಿತಾಂಶ ಪುಟದ ನಕಲು, ಹಿಂಬದಿಯಲ್ಲಿ ಕ್ರಮಸಂಖ್ಯೆ ಬರೆದಿರುವ ಪ್ರಶ್ನೆ ಪತ್ರಿಕೆಯ ನಕಲು (ಎರಡೂ ಬದಿ).

ಪ್ರತಿ: ಪ್ರಾಂಶುಪಾಲರ ಮಾಹಿತಿಗಾಗಿ.